ಕ್ರೆಡಿಟ್ ನೋಟ್, ರಿಫಂಡ್ ಎರಡಕ್ಕೂ ‘ಮರುಪಾವತಿ’ ಅನ್ನಬಹುದಾ?

ಶೈಲಜಾ:
ಎಲ್ಲರಿಗೂ ನಮಸ್ಕಾರ. ಲೆಕ್ಕದ ಸಾಫ್ಟ್‌ವೇರ್ ಒಂದರ ಸಹಾಯಪುಟಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಳೆಯ ಕರಡಿನಲ್ಲಿ ಕ್ರೆಡಿಟ್ ನೋಟ್‌ಗೂ ರಿಫಂಡ್‌ಗೂ ‘ಮರುಪಾವತಿ’ ಅಂತಲೇ ಇದೆ. ಹಾಗಾಗಿ ‘ಮರುಪಾವತಿ ಮಾಡಿದಾಗ ನಿವ್ವಳ ಆದಾಯ ಇಳಿಯುತ್ತದೆ’ ಅನ್ನುವ ಸಾಲು ಯಾವುದರ ಬಗ್ಗೆ ಅಂತ ಗೊತ್ತಾಗುತ್ತಿಲ್ಲ.

ಗಿರೀಶ್:
ಎರಡೂ ಒಂದೇ ಅಲ್ವಾ ಮೇಡಂ? ಗಿರಾಕಿಗೆ ದುಡ್ಡು ವಾಪಸ್ ಹೋಗುತ್ತದೆ, ಮಾರಾಟ ಅಷ್ಟು ಕಡಿಮೆಯಾಗುತ್ತದೆ. ಭಾಗಶಃ ರಿಫಂಡ್ ಆದರೆ ಸ್ವಲ್ಪ ಕಡಿಮೆ, ಅಷ್ಟೇ.

ನಾಗರತ್ನ:
ಮಾರಾಟ ಕಡಿಮೆಯಾಗುವುದು ನಿಜ ಗಿರೀಶ್, ಆದರೆ ಒಂದೇ ಸಲ. ತೆರಿಗೆ ಬಿಟ್ಟು ಹೇಳುತ್ತೇನೆ. 10,000ದ ಬಿಲ್ ಆಯಿತು, ಗಿರಾಕಿ ಪೂರ್ತಿ ಕೊಟ್ಟರು, ಅವರ ಖಾತೆ ಸೊನ್ನೆ. ಆಮೇಲೆ 2,000ದ ಮಾಲು ವಾಪಸ್ ಬಂತು. ನೀವು ಕ್ರೆಡಿಟ್ ನೋಟ್ ಬರೆದಾಗ ಮಾರಾಟ ವಾಪಸಾತಿ ಖಾತೆಗೆ 2,000 ಡೆಬಿಟ್, ಗಿರಾಕಿಯ ಖಾತೆಗೆ 2,000 ಕ್ರೆಡಿಟ್. ನಿವ್ವಳ ಮಾರಾಟ ಅಲ್ಲೇ 8,000ಕ್ಕೆ ಇಳಿಯಿತು, ಇನ್ನೂ ಒಂದು ಪೈಸೆ ಹೊರಗೆ ಹೋಗಿಲ್ಲ. ಮುಂದಿನ ವಾರ ದುಡ್ಡು ಕಳಿಸಿದಾಗ ಗಿರಾಕಿಯ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಇದರಲ್ಲಿ ಮಾರಾಟದ ಸುದ್ದಿಯೇ ಇಲ್ಲ.

ಎರಡಕ್ಕೂ ಒಂದೇ ಹೆಸರಿದ್ದರೆ ರಿಫಂಡನ್ನೂ ಮಾರಾಟದಿಂದಲೇ ಕಳೆಯುವವರಿದ್ದಾರೆ. ಆಗ ನಿವ್ವಳ ಮಾರಾಟ 6,000 ತೋರಿಸುತ್ತದೆ, ಗಿರಾಕಿಯ ಖಾತೆಯಲ್ಲಿ 2,000 ಕ್ರೆಡಿಟ್ ಸುಮ್ನೆ ಉಳಿದುಬಿಡುತ್ತದೆ. ಇದರ ಉಲ್ಟಾನೂ ಆಗುತ್ತದೆ. ಪೇಮೆಂಟ್ ಗೇಟ್‌ವೇಯಲ್ಲಿ ರಿಫಂಡ್ ಒತ್ತಿಬಿಡುತ್ತಾರೆ, ಕ್ರೆಡಿಟ್ ನೋಟ್ ಬರೆಯುವುದನ್ನು ಮರೆಯುತ್ತಾರೆ. ಮಾರಾಟ 10,000 ಆಗೇ ಇರುತ್ತದೆ, ದುಡ್ಡು ವಾಪಸ್ ತೊಗೊಂಡ ಗಿರಾಕಿಯೇ 2,000 ಬಾಕಿದಾರ! ತಿಂಗಳ ಕೊನೆಗೆ ಗಿರಾಕಿಗಳ ಬಾಕಿ ಪಟ್ಟಿ ನೋಡಿದರೆ ಎರಡೂ ಸಿಕ್ಕಿಬೀಳುತ್ತವೆ.

ಲೋಕೇಶ್:
ನನಗೆ ಒಂದು ಅಂಗಡಿಯವರು ದುಡ್ಡಿನ ಬದಲು ಚೀಟಿ ಕೊಟ್ಟರು. ನಾನದನ್ನು ಇನ್ನೂ ಬಳಸಿಲ್ಲ. ಹಾಗಾದರೆ ಅವರ ಮಾರಾಟ ಇಳಿದಿಲ್ಲ ತಾನೇ?

ನಾಗರತ್ನ:
ಮಾಲು ವಾಪಸ್ ಕೊಟ್ಟಿದ್ದೀರಲ್ಲ ಸರ್, ಇಳಿದಾಯಿತು. ನಿಮ್ಮ ಚೀಟಿ ಅವರ ಪುಸ್ತಕದಲ್ಲಿ ನಿಮಗೆ ಕೊಡಬೇಕಾದ ಬಾಕಿ. ಅದನ್ನು ಕೊಟ್ಟು ಬೇರೆ ಸಾಮಾನು ತೊಗೊಂಡಾಗ ಅದು ಹೊಸ ಮಾರಾಟ.

ಶೈಲಜಾ:
ಹಾಗಿದ್ದರೆ ‘ಕ್ರೆಡಿಟ್ ನೋಟ್’ ಹಾಗೇ ಇರಲಿ, ರಿಫಂಡ್‌ಗೆ ‘ಹಣ ವಾಪಸಾತಿ’ ಅನ್ನುತ್ತೇನೆ. ‘ಮರುಪಾವತಿ’ ಅಂದರೆ ಸಾಲ ತೀರಿಸುವುದೇ ಮೊದಲು ನೆನಪಾಗುತ್ತದೆ. ‘ನಿವ್ವಳ ಆದಾಯ’ವನ್ನೂ ‘ನಿವ್ವಳ ಮಾರಾಟ’ ಮಾಡುತ್ತೇನೆ. ಮೊದಲಿನದನ್ನು ಜಾಸ್ತಿ ಜನ ಲಾಭ ಅಂತಲೇ ಓದುತ್ತಾರೆ.

ಗಿರೀಶ್:
‘ಹಣ ವಾಪಸಾತಿ’, ‘ಮಾರಾಟ ವಾಪಸಾತಿ’ ಅಕ್ಕಪಕ್ಕ ಬಂದರೆ ಮತ್ತೆ ಗೊಂದಲ ಆಗಲ್ವಾ? ನಾನಾಗಿದ್ದರೆ ರಿಫಂಡ್ ಅಂತಲೇ ಬಿಡುತ್ತಿದ್ದೆ. ಇನ್ನೊಂದು, ಮಾಲು ವಾಪಸ್ ಬರದೆ, ತಡವಾಯಿತು ಅಂತ ಗಿರಾಕಿಯ ಸಮಾಧಾನಕ್ಕೆ 500 ಕೊಟ್ಟರೆ ಅದಕ್ಕೇನು ಹೆಸರು?

ನಾಗರತ್ನ:
ನಾನು ಅದನ್ನು ಬೆಲೆ ಇಳಿಕೆ ಅಂತ ಹಿಡಿದು ಮಾರಾಟದಿಂದಲೇ ಕಳೆಯುತ್ತೇನೆ, ಅದಕ್ಕೂ ಕ್ರೆಡಿಟ್ ನೋಟ್ ಬರೆಯುತ್ತೇನೆ. ನಮ್ಮ ಆಫೀಸಿನಲ್ಲೇ ಅದನ್ನು ಖರ್ಚಿಗೆ ಹಾಕುವವರಿದ್ದಾರೆ, ಲಾಭ ಎರಡರಲ್ಲೂ ಒಂದೇ ಬರುತ್ತದಲ್ಲ ಅನ್ನುತ್ತಾರೆ. ಲಾಭ ಒಂದೇ, ನಿವ್ವಳ ಮಾರಾಟ ಮಾತ್ರ 500 ಬೇರೆ.