ನಮ್ಮ ಮನೆಯಲ್ಲಿ ನಾಲ್ಕು ರಂಗಪ್ಪ: ವಂಶವೃಕ್ಷವನ್ನು ಕಂಪ್ಯೂಟರಿಗೆ ಏರಿಸುವುದು ಹೇಗೆ?

ಸುಮಾ, ಮಲ್ಲೇಶ್ವರ: ತಾತ ಕೈಯಲ್ಲಿ ಬರೆದ ವಂಶವೃಕ್ಷ ಇದೆ. ಊರಿನ ಹಳೇ ಜನನ ರಿಜಿಸ್ಟರಿನ ಪುಟಗಳ ಫೋಟೋಗಳೂ ಇವೆ. ಎಕ್ಸೆಲ್‌ನಲ್ಲಿ ಹೆಸರು, ತಂದೆ, ತಾಯಿ ಅಂತ ಕಾಲಂ ಹಾಕಿದೆ. ಆದರೆ ರಂಗಪ್ಪ ಅನ್ನೋ ಹೆಸರು ನಾಲ್ಕು ಕಡೆ ಬರುತ್ತದೆ. ತಾತ ಅವರ ಚಿಕ್ಕಪ್ಪನಿಗೆ ದತ್ತು ಹೋದವರು. ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಎಲ್ಲ ಗೋಜಲಾಗಿದೆ. ಏನು ಮಾಡಲಿ?

ಅರವಿಂದ್: ಸಿಂಪಲ್ ಮೇಡಂ. ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ. ತಂದೆ ಕಾಲಂನಲ್ಲಿ ಹೆಸರಿನ ಬದಲು ತಂದೆಯ ನಂಬರ್ ಹಾಕಿ. ಮುಗೀತು.

ಗಿರಿಜಮ್ಮ: ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು ಕಣಮ್ಮ. ನಮ್ಮ ಯಜಮಾನರು ಹೋದಾಗ ಖಾತೆ ಬದಲಾವಣೆಗೆ ಅದನ್ನೇ ಕೇಳಿದ್ದರು.

ರಘು (ದಾಖಲೆಗಳ ಡಿಜಿಟಲೀಕರಣ ನನ್ನ ಕೆಲಸ): ಗಿರಿಜಮ್ಮನವರೇ, ಅದು ವಾರಸುದಾರರಿಗೆ ಕೊಡುವ ದೃಢೀಕರಣ ಪತ್ರ. ಇಲ್ಲಿ ಕೇಳ್ತಿರೋದು ಬೇರೆ. ಅರವಿಂದ್ ಹೇಳಿದ ನಂಬರ್ ಬೇಕೇ ಬೇಕು. ಆದರೆ ತಂದೆಗೆ ಒಂದೇ ಕಾಲಂ ಇಟ್ಟರೆ ದತ್ತು ತಂದೆಯನ್ನು ಬರೆದ ಕೂಡಲೇ ಹೆತ್ತ ತಂದೆ ಅಳಿಸಿಹೋಗುತ್ತಾರೆ.

ಸುಮಾ ಅವರೇ, ಮಗುವನ್ನು ತಂದೆಗೆ ಕಟ್ಟಬೇಡಿ, ದಂಪತಿಗೆ ಕಟ್ಟಿ. ಪ್ರತಿ ಗಂಡ-ಹೆಂಡತಿ ಜೋಡಿಗೂ ಒಂದು ಕುಟುಂಬದ ನಂಬರ್. ತಾತನ ಹೆತ್ತವರು F1. ಚಿಕ್ಕಪ್ಪ-ಚಿಕ್ಕಮ್ಮ F2. ತಾತನಿಗೆ I12 ಅಂತ ಕೊಟ್ಟರೆ ಅವರು ಎರಡಕ್ಕೂ ಮಗ. ಯಾವುದು ಹುಟ್ಟಿನಿಂದ, ಯಾವುದು ದತ್ತಿನಿಂದ ಅಂತ ಕೊಂಡಿಯ ಮೇಲೆಯೇ ಬರೆಯುತ್ತೇವೆ. ವಂಶವೃಕ್ಷದ ತಂತ್ರಾಂಶಗಳು ಓದುವ ಗೆಡ್‌ಕಾಮ್ ಫೈಲಿನಲ್ಲಿ ಅದು ಹೀಗಿರುತ್ತದೆ:

```
0 @I12@ INDI
1 FAMC @F1@
2 PEDI birth
1 FAMC @F2@
2 PEDI adopted
1 FAMS @F4@
```

FAMC ಅಂದರೆ ಮಗುವಾಗಿ ಸೇರಿದ ಕುಟುಂಬ, PEDI ಅಂದರೆ ಆ ಕೊಂಡಿ ಹುಟ್ಟಿನದೋ ದತ್ತಿನದೋ ಅನ್ನುವುದು, FAMS ಅಂದರೆ ಗಂಡನೋ ಹೆಂಡತಿಯೋ ಆಗಿ ಸೇರಿದ ಕುಟುಂಬ. ತಾತನ ಅಕ್ಕನೂ F1ರ ಮಗಳು. ಅಕ್ಕ-ಭಾವ F3. ಅಜ್ಜಿ F3ರ ಮಗಳು. ತಾತ-ಅಜ್ಜಿ F4. ಇಷ್ಟೇ. ಹಾಳೆಯಲ್ಲಿ ಅಜ್ಜಿಯ ಹೆಸರು ಮಗಳಾಗಿ ಒಮ್ಮೆ, ಹೆಂಡತಿಯಾಗಿ ಒಮ್ಮೆ ಬಂದಿರುತ್ತದೆ. ನೋಡಿದ ಹಾಗೇ ಟೈಪ್ ಮಾಡಿದರೆ ಇಬ್ಬರು ಅಜ್ಜಿಯರಾಗುತ್ತಾರೆ. ನಮ್ಮ ಕಡೆ ಸೋದರಮಾವನ ಮದುವೆ ಸಾಮಾನ್ಯ ಅಲ್ವಾ, ಹಾಗಾಗಿ ಈ ತಪ್ಪು ತುಂಬಾ ನೋಡಿದ್ದೇನೆ.

ಇನ್ನು ರಂಗಪ್ಪಂದಿರು. ಟೈಪ್ ಮಾಡುವಾಗಲೇ ‘ಇವನು ಅವನೇ’ ಅಂತ ತೀರ್ಮಾನಿಸಬೇಡಿ. ಮೊದಲು ಒಂದು ಪ್ರತ್ಯೇಕ ಶೀಟಿನಲ್ಲಿ ರಿಜಿಸ್ಟರಿನ ಪ್ರತಿ ಸಾಲನ್ನೂ ಇದ್ದ ಹಾಗೇ ಬರೆಯಿರಿ. ಪುಟ, ಸಾಲು, ಕಾಗುಣಿತದ ತಪ್ಪು, ಖಾಲಿ ಬಿಟ್ಟ ಹೆಸರು, ಎಲ್ಲ. ಮಗುವಿಗೆ ಹೆಸರಿಡುವ ಮುಂಚೆಯೇ ಜನನ ಬರೆಸುತ್ತಿದ್ದರಿಂದ ಬರೀ ‘ಹೆಣ್ಣು ಮಗು’ ಅಂತ ಇರುವುದು ಮಾಮೂಲು. ಆಮೇಲೆ ಆ ಸಾಲು ಯಾವ ವ್ಯಕ್ತಿಯದು ಅನ್ನೋದನ್ನು ಪಕ್ಕದ ಕಾಲಂನಲ್ಲಿ, ಕಾರಣದ ಸಮೇತ ಬರೆಯಿರಿ. ಎರಡು ನಂಬರನ್ನು ಮುಂದೆ ಒಂದು ಮಾಡುವುದು ಸುಲಭ. ಬೆರೆತುಹೋದ ಇಬ್ಬರನ್ನು ಬಿಡಿಸುವುದು ಮಹಾ ಕಷ್ಟ. ಯಾವ ಮಗು ಯಾರದು ಅಂತ ಆಗ ಗೊತ್ತೇ ಆಗುವುದಿಲ್ಲ.

ಸುಮಾ: ಒಂದು ಅನುಮಾನ ಸರ್. ರಂಗಪ್ಪನಿಗೆ 1931ರ ಆಗಸ್ಟ್‌ನಲ್ಲಿ ಒಂದು ಮಗು, 1932ರ ಜನವರಿಯಲ್ಲಿ ಇನ್ನೊಂದು.

ರಘು: ಐದೇ ತಿಂಗಳ ಅಂತರ! ಒಬ್ಬಳೇ ತಾಯಿಗೆ ಸಾಧ್ಯವಿಲ್ಲ. ತಾಯಿಯ ಕಾಲಂ ನೋಡಿ.

ಸುಮಾ: ಮೊದಲನೆಯದಕ್ಕೆ ಲಕ್ಷ್ಮಮ್ಮ, ಎರಡನೆಯದಕ್ಕೆ ನಂಜಮ್ಮ.

ಅರವಿಂದ್: ಹಾಗಾದರೆ ಇಬ್ಬರು ರಂಗಪ್ಪ. ಖಚಿತ.

ರಘು: ಖಚಿತ ಅನ್ನೋಕಾಗಲ್ಲ. ಒಬ್ಬನಿಗೇ ಇಬ್ಬರು ಹೆಂಡಿರೂ ಇರಬಹುದು. ಸದ್ಯಕ್ಕೆ ಇಬ್ಬರು ರಂಗಪ್ಪ, ಎರಡು ಕುಟುಂಬ ಅಂತ ಇಡಿ. ಎರಡೂ ಸಾಲಿನಲ್ಲಿ ರಂಗಪ್ಪನ ತಂದೆಯ ಹೆಸರೋ ಮನೆಯ ಗುರುತೋ ಇದ್ದರೆ ಹೋಲಿಸಿ. ಬರೆದ ತಾರೀಕು ಹುಟ್ಟಿದ್ದೋ ನೋಂದಾಯಿಸಿದ್ದೋ ಅಂತಲೂ ನೋಡಿ.

ಶ್ರೀನಿವಾಸಮೂರ್ತಿ: ತಾತನ ಹಾಳೆಯಲ್ಲಿ ರಂಗಪ್ಪನ ಜನನ ಏನಂತ ಇದೆ ತಾಯಿ?

ಸುಮಾ: ಒಬ್ಬರಿಗೆ ಮಾತ್ರ ಇದೆ ಸರ್. ‘ವಿಭವ ಸಂ|| ಮಾಘ’. 1928 ಅಂತ ಹಾಕಿಕೊಂಡಿದ್ದೇನೆ.

ಶ್ರೀನಿವಾಸಮೂರ್ತಿ: ವಿಭವ ಶುರುವಾಗಿದ್ದು 1928ರ ಯುಗಾದಿಗೆ. ಮಾಘ ಬರುವ ಹೊತ್ತಿಗೆ 1929 ಬಂದಿರುತ್ತದೆ. ಅಲ್ಲದೆ ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ. 1869 ಕೂಡ ಆಗಬಹುದು.

ರಘು: ಸರಿಯಾಗಿ ಹೇಳಿದಿರಿ. 1929ರಲ್ಲಿ ಹುಟ್ಟಿದವನು 1931ರಲ್ಲಿ ಅಪ್ಪನಾಗಲಾರ. 1869 ಆದರೆ ಆಗ 62 ವರ್ಷ. ಅಸಾಧ್ಯವಲ್ಲ, ಆದರೆ ಅನುಮಾನ. ಹಾಗಾಗಿ ಇವನು ಮೂರನೆಯವನೇ ಇರಬಹುದು, ಅಜ್ಜನ ಹೆಸರು ಪಡೆದ ಮೊಮ್ಮಗನೋ ಏನೋ. ತಾರೀಕಿನ ಕಾಲಂನಲ್ಲಿ ‘ವಿಭವ, ಮಾಘ’ ಅಂತಲೇ ಬಿಡಿ. ಇಂಗ್ಲಿಷ್ ವರ್ಷ ಬೇರೆ ಕಾಲಂನಲ್ಲಿ, ಎರಡೂ ಸಾಧ್ಯತೆ ಸಹಿತ ಇರಲಿ. ಹಾಳೆಯಲ್ಲಿ ಅವನು ಯಾರ ಕೆಳಗಿದ್ದಾನೆ?

ಸುಮಾ: ಅಲ್ಲಿ ಹುಳು ತಿಂದಿದೆ ಸರ್. ಗೆರೆ ಅರ್ಧಕ್ಕೇ ನಿಂತಿದೆ. ಊರಲ್ಲಿ ದೊಡ್ಡತ್ತೆ ಇದ್ದಾರೆ, ಈ ಭಾನುವಾರ ಫೋನ್ ಮಾಡಿ ಕೇಳುತ್ತೇನೆ.

ರಘು: ಕೇಳಿ. ಅವರು ಹೇಳಿದ್ದನ್ನೂ ಒಂದು ಸಾಲಾಗಿ ಬರೆಯಿರಿ, ದಿನಾಂಕದ ಸಮೇತ. ಅಲ್ಲಿಯವರೆಗೆ ಅವನಿಗೆ ಅಪ್ಪ-ಅಮ್ಮನ ಕೊಂಡಿ ಹಾಕಬೇಡಿ.