ದೊಡ್ಡಮ್ಮನ ಉತ್ತರ: ಮೊದಲು ಆಡಿಯೋ ಪಟ್ಟಿ ನೋಡು

"ದೊಡ್ಡಮ್ಮ, ನನ್ನ ಮಗಳಿಗೆ ಮುಂದಿನ ತಿಂಗಳು ಫೋನ್ ಇಂಟರ್‌ವ್ಯೂ. ಇಂಗ್ಲಿಷ್ ಓದ್ತಾಳೆ, ಬರೀತಾಳೆ. ಯಾರಾದ್ರೂ ಮಾತಾಡಿದ್ರೆ ಮಾತ್ರ ತಿಳಿಯಲ್ಲ ಅಂತಾಳೆ. ಹೊರದೇಶದ ಸೀರೀಸ್ ನೋಡಿದ್ರೆ ಸರಿ ಹೋಗುತ್ತಾ? ಯಾವುದು ಹಾಕಿಕೊಡ್ಲಿ? ನಂಗೆ ಭಯ ಆಗ್ತಿದೆ."

ಸುಮಾ, ಟೈಪ್ ಮಾಡುತ್ತಾ ಕೂರಲು ನನ್ನಿಂದ ಆಗುವುದಿಲ್ಲ, ಮಾತಲ್ಲೇ ಹೇಳುತ್ತೇನೆ. ಉದ್ದ ಆದರೆ ಬೈಯಬೇಡಿ. ನೋಡಲಿ, ಒಳ್ಳೆಯದೇ. ಆದರೆ ಇಂಗ್ಲಿಷಿಗೆ ಡಬ್ ಆದ ಸೀರೀಸ್ ಮಾತ್ರ ಹಾಕಿಕೊಡಬೇಡ.

ನಮ್ಮ ಶಶಿ ವಿಷಯ ನಿಮಗೆಲ್ಲ ಗೊತ್ತಲ್ವಾ. ಆಗ ಅವನಿಗೂ ಇದೇ ತೊಂದರೆ. ಯಾರೋ ಹೇಳಿದರು ಅಂತ ಒಂದು ಸ್ಪ್ಯಾನಿಷ್ ಸೀರೀಸ್ ಹಿಡಿದ. ಆಡಿಯೋ ಇಂಗ್ಲಿಷಿಗೆ ಹಾಕಿದ, ಸಬ್‌ಟೈಟಲ್ ಕೂಡ ಇಂಗ್ಲಿಷಿಗೇ ಹಾಕಿದ. ರಾತ್ರಿಯೆಲ್ಲ ನೋಡುವುದು, ಬೆಳಗ್ಗೆ ಮುಖ ಸಣ್ಣ ಮಾಡಿಕೊಂಡು ಕೂರುವುದು. "ಅಮ್ಮಾ, ನನ್ನ ಕಿವಿಯೇ ಸರಿ ಇಲ್ಲ" ಅನ್ನುತ್ತಿದ್ದ. ಒಂದು ದಿನ ಪಕ್ಕದಲ್ಲಿ ಕೂತು ನಾನೇ ನೋಡಿದೆ. ಪಾತ್ರ ಬಾಯಲ್ಲಿ "ವಿ ಹ್ಯಾವ್ ಟು ಗೆಟ್ ಔಟ್ ಆಫ್ ಹಿಯರ್" ಅನ್ನುತ್ತಿದೆ, ಕೆಳಗೆ "ಲೆಟ್ಸ್ ಲೀವ್ ನೌ" ಅಂತ ಬರುತ್ತಿದೆ! ಅರ್ಥ ಒಂದೇ, ಪದ ಒಂದೂ ಕೂಡುವುದಿಲ್ಲ. ಡಬ್ ಮಾಡುವವರು ತುಟಿ ಆಡುವುದಕ್ಕೆ ಹೊಂದುವ ಹಾಗೆ ಮಾತು ಬದಲಿಸುತ್ತಾರೆ. ಸಬ್‌ಟೈಟಲ್ ಬರೆಯುವವರು ಮೂಲ ಸ್ಪ್ಯಾನಿಷಿನಿಂದ ಬೇರೆಯಾಗಿ ಅನುವಾದ ಮಾಡಿರುತ್ತಾರೆ, ಬೇಗ ಓದಲು ಆಗಲಿ ಅಂತ ಚಿಕ್ಕದು ಮಾಡಿರುತ್ತಾರೆ. ಪಾಪ, ಹುಡುಗ ಕೇಳಿದ್ದೊಂದು, ಓದಿದ್ದೊಂದು. ಅವನ ಕಿವಿ ಸರಿಯಾಗಿಯೇ ಕೇಳುತ್ತಿತ್ತು! ಜೊತೆಗೆ ಡಬ್‌ನಲ್ಲಿ ತುಟಿ ನೋಡಿ ಪದ ಊಹಿಸಲೂ ಆಗುವುದಿಲ್ಲ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಡಬ್ ಆದದ್ದು ಬೇಡವೇ ಬೇಡ. ಮೊದಲು ಆಡಿಯೋ ಪಟ್ಟಿ ತೆಗೆದು ನೋಡು. ಕೆಲವು ಆ್ಯಪ್‌ಗಳಲ್ಲಿ English [Original] ಅಂತ ಇರುತ್ತದೆ, ಅದಿದ್ದರೆ ಮಾತ್ರ ಮುಂದೆ ಹೋಗು.

ಆಗ ಈ ಗ್ರೂಪಿನಲ್ಲೇ ಯಾರು ಯಾರು ಏನೇನು ಅಂದಿರಿ ಅಂತ ನನಗೆ ನೆನಪಿದೆ. "ಚಿಕ್ಕಂದಿನಲ್ಲೇ ಇಂಗ್ಲಿಷ್ ಮೀಡಿಯಂಗೆ ಹಾಕಬೇಕಿತ್ತು" ಅಂದವರು ಇದ್ದೀರಿ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು. ಹುಡುಗ ಮನೆಯಲ್ಲಿ ಒದ್ದಾಡುತ್ತಿದ್ದಾಗ ಒಬ್ಬರೂ ಫೋನ್ ಮಾಡಿ ಕೇಳಲಿಲ್ಲ. ಈಗ ಅವನು ಗಡಗಡ ಅಂತ ಮಾತಾಡುವುದನ್ನು ಕೇಳಿ "ನಮ್ಮ ಶಶಿ" ಅನ್ನುತ್ತೀರಿ. ನಾನು ಕೇಳಿದ್ದಕ್ಕಂತೂ ಇಲ್ಲಿ ಉತ್ತರವೇ ಬರುವುದಿಲ್ಲ, ಬೆಳಗ್ಗೆ ಎದ್ದು ಹೂವಿನ ಚಿತ್ರ ಹಾಕಲು ಮಾತ್ರ ಎಲ್ಲರಿಗೂ ಪುರುಸೊತ್ತು. ಇರಲಿ ಬಿಡಿ.

ಅಯ್ಯೋ, ಯಾವುದು ಹಾಕಿಕೊಡಲಿ ಅಂದಿದ್ದೆಯಲ್ಲ. ಇಂಟರ್‌ವ್ಯೂ ಮಾಡುವವರು ಎಲ್ಲಿಯವರು ಅಂತ ಮೊದಲು ತಿಳಿದುಕೋ. ಅಮೆರಿಕದವರಾದರೆ 'ಫ್ರೆಂಡ್ಸ್' ಸಾಕು. ಹೆಚ್ಚಿನ ಮಾತೆಲ್ಲ ಮನೆಯೊಳಗೆ, ಕಾಫಿ ಅಂಗಡಿಯಲ್ಲಿ. ನಡುನಡುವೆ ನಗು ಬರುವಾಗ ಕಿವಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಬ್ರಿಟಿಷರಾದರೆ 'ದಿ ಕ್ರೌನ್'. ಉಚ್ಚಾರ ಬಹಳ ಸ್ಪಷ್ಟ, ಆದರೆ ಅದು ಅರಮನೆಯ ಮಾತು. ಅವಳು ಹಾಗೆ ಮಾತಾಡಲು ಹೋಗದಿದ್ದರೆ ಆಯಿತು. 'ಪೀಕಿ ಬ್ಲೈಂಡರ್ಸ್' ಈಗಲೇ ಬೇಡ. ಅದರಲ್ಲಿ ಬರ್ಮಿಂಗ್‌ಹ್ಯಾಮ್ ಕಡೆಯ ಉಚ್ಚಾರ, ಮಾತೂ ಗೊಣಗಿದ ಹಾಗೆ. 'ಡೆರಿ ಗರ್ಲ್ಸ್' ಕೂಡ ಆಮೇಲೆ. ಅದು ಉತ್ತರ ಐರ್ಲೆಂಡಿನದು, ಹುಡುಗಿಯರ ಮಾತು ಜೋರು ಮಳೆ ಸುರಿದ ಹಾಗೆ. ಯಾವುದೇ ಆಗಲಿ, ಸಬ್‌ಟೈಟಲ್ ಇಲ್ಲದೆ 2 ನಿಮಿಷ ನೋಡಲಿ. ಕಥೆ ತಿಳಿದು ಅಲ್ಲಲ್ಲಿ ಪದ ತಪ್ಪಿದರೆ ಆ ಸೀರೀಸ್ ಸರಿ. ಏನೂ ತಿಳಿಯದಿದ್ದರೆ ಬೇರೆ ಹುಡುಕು.

ಸಬ್‌ಟೈಟಲ್ ಪಟ್ಟಿಯಲ್ಲಿ English [CC] ಇದ್ದರೆ ಅದನ್ನೇ ಒತ್ತು. ಕಿವಿ ಕೇಳದವರಿಗಾಗಿ ಮಾಡಿದ್ದು ಅದು. ಬಾಗಿಲ ಸದ್ದನ್ನೂ ಬರೆದಿರುತ್ತಾರೆ. ಆಡಿದ ಮಾತನ್ನು ಸಾಮಾನ್ಯವಾಗಿ ಹಾಗೇ ಕೊಡುತ್ತದೆ, ತೀರಾ ವೇಗವಾದಾಗ ಒಂದೆರಡು ಪದ ಬಿಡಬಹುದು. ಕನ್ನಡದ ಸಬ್‌ಟೈಟಲ್ ಬೇಡ. ಕಣ್ಣು ಓದಲು ಹೊರಟರೆ ಕಿವಿ ಕೆಲಸ ಬಿಟ್ಟುಬಿಡುತ್ತದೆ.

ಇಡೀ ಎಪಿಸೋಡ್ ಸುಮ್ನೆ ನೋಡಬಾರದು. ಒಂದು ಚಿಕ್ಕ ದೃಶ್ಯ ಹಿಡಿಯಲಿ. ಮೊದಲು ಬರೀ ಕೇಳುವುದು, ಆಮೇಲೆ ಸಿಸಿ ಹಾಕಿ ಎಲ್ಲಿ ತಪ್ಪಿತು ಅಂತ ನೋಡುವುದು, ಕೊನೆಗೆ ಅದನ್ನು ತೆಗೆದು ಮತ್ತೆ ಕೇಳುವುದು. ಶಶಿಗೆ "ಐ ಶುಡಾ ಟೋಲ್ಡ್ ಯೂ" ಅಂತ ಕೇಳಿಸುತ್ತಿತ್ತು, "ಶುಡಾ" ಯಾವ ಪದ ಅಂತ ತಲೆ ಕೆಡಿಸಿಕೊಂಡಿದ್ದ. ಸಿಸಿ ಹಾಕಿದರೆ ಅದು "ಶುಡ್ ಹ್ಯಾವ್". ಓದಿದರೆ ಅವನಿಗೆ ಗೊತ್ತಿದ್ದ ಪದವೇ. ಆಡುವಾಗ "ಹ್ಯಾವ್" ಬರೀ "ಆ" ಆಗಿ ಹಿಂದಿನ ಪದಕ್ಕೆ ಅಂಟಿಕೊಂಡಿತ್ತು. ನಿನ್ನ ಮಗಳ ತೊಂದರೆಯೂ ಇದೇ ಇರಬೇಕು, ಓದಲು ಬರುತ್ತದೆ ಅಂದೆಯಲ್ಲ. ಇಂಥ ಅಂಟಿಕೊಂಡ ಪದಗಳನ್ನೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಕೊನೆಯ ವಾರ ಚಿತ್ರ ನೋಡದೆ ಆಡಿಯೋ ಮಾತ್ರ ಕೇಳಲಿ, ಫೋನಿನಲ್ಲಿ ಯಾರ ತುಟಿಯೂ ಕಾಣುವುದಿಲ್ಲ.