4 ಮೀಟರ್ ನೆಟ್ಟಗೆ ನಿಂತ ಜೇಡಿ: ಸಿವಿಲ್ ಬ್ಯಾಚ್ ಗ್ರೂಪಿನ ಜಗಳ

ಗಿರೀಶ: [ಫೋಟೋ] ನೋಡ್ರಪ್ಪ, 4 ಮೀಟರ್ ನೆಟ್ಟಗೆ ಕಡಿದಿದೀವಿ, ಶೋರಿಂಗ್ ಇಲ್ಲ ಏನಿಲ್ಲ, ನಾಲ್ಕು ದಿನ ಆಯ್ತು ಅಲ್ಲಾಡಿಲ್ಲ. ಸ್ಯಾಂಪಲ್ ಟೆಸ್ಟಲ್ಲಿ ನೀರು ಒಳಗೆ-ಹೊರಗೆ ಹೋಗೋಕೆ ಮುಂಚಿನ ಬಲ, ಅಂದ್ರೆ ಅನ್‌ಡ್ರೇನ್ಡ್ ಸ್ಟ್ರೆಂತ್ 30 ಕಿಲೋಪಾಸ್ಕಲ್ ಬಂದಿದೆ, ಮಣ್ಣಿನ ತೂಕ ಘನಮೀಟರಿಗೆ 18 ಕಿಲೋನ್ಯೂಟನ್. ನೆಟ್ಟಗೆ ನಿಲ್ಲೋ ಎತ್ತರ 4 × 30 / 18 = 6.7 ಮೀಟರ್. ಸೇಫ್ಟಿ ಫ್ಯಾಕ್ಟರ್ 1.67 ಕಣ್ರೋ

ರಾಘು: ಲೋ, ಡ್ರೇನ್ಡ್, ಅಂದ್ರೆ ನೀರು ಹರಿದು ಒತ್ತಡ ಸಮ ಆದ್ಮೇಲಿನ ಲೆಕ್ಕ ಹಾಕಿ ನೋಡಿದ್ಯಾ? ಅಂಟು c' 5 ಕಿಲೋಪಾಸ್ಕಲ್, ಘರ್ಷಣೆ ಕೋನ φ' 25 ಡಿಗ್ರಿ ಅಂತ ಇಟ್ಕೊಂಡ್ರೆ ನೆಟ್ಟಗೆ ನಿಲ್ಲೋದು 1.7 ಮೀಟರ್ ಅಷ್ಟೇ. ನಿನ್ ಗೋಡೆ ಇಷ್ಟೊತ್ತಿಗೆ ಬಿದ್ದಿರ್ಬೇಕಿತ್ತು

ಗಿರೀಶ: ಬಿದ್ದಿಲ್ವಲ್ಲ! ಅದಕ್ಕೇ ಹೇಳಿದ್ದು ಡ್ರೇನ್ಡ್ ಬೇಡ ಅಂತ. ಇದು 15 ದಿನದ ಕೆಲಸ, ಫುಟಿಂಗ್ ಹಾಕಿ ಮುಚ್ಚಿಬಿಡ್ತೀವಿ. ಅಲ್ದೆ ಕಾಲೇಜಲ್ಲಿ ಹೇಳಿಕೊಟ್ಟಿದ್ದು ನೆನಪಿಲ್ವಾ, ಜೇಡಿಗೆ ಶುರುವಿನ ದಿನಗಳೇ ಕಷ್ಟದ್ದು, ಆಮೇಲೆ ಗಟ್ಟಿಯಾಗ್ತಾ ಹೋಗುತ್ತೆ

ಸುಮಾ: ಅದು ಏರಿ ಹಾಕ್ದಾಗ ಮಾರಾಯ, ಅಗೆದಾಗ ಅಲ್ಲ. ಏರಿ ಹಾಕಿದ್ರೆ ಭಾರ ಬೀಳುತ್ತೆ, ಒಳಗಿನ ನೀರಿನ ಒತ್ತಡ ಏರುತ್ತೆ, ದಿನ ಕಳೆದ ಹಾಗೆ ನೀರು ಬಸಿದು ಜೇಡಿ ಗಟ್ಟಿಯಾಗುತ್ತೆ. ಅಗೆದ್ರೆ ಪೂರ್ತಿ ಉಲ್ಟಾ, ಭಾರ ತೆಗೆದ ಕೂಡ್ಲೇ ಜೇಡಿ ಹಿಗ್ಗೋಕೆ ನೋಡುತ್ತೆ, ಹಿಗ್ಗೋಕೆ ನೀರು ಬೇಕು, ನೀರು ಜೇಡಿಯೊಳಗೆ ತೆವಳ್ಕೊಂಡು ಬರಬೇಕಲ್ಲ, ಅಲ್ಲೀವರೆಗೂ ಒಳಗಿನ ನೀರಿನ ಒತ್ತಡ ಕುಸಿದಿರುತ್ತೆ, ಆ ಎಳೆತವೇ ಕಣಗಳನ್ನ ಬಿಗಿ ಹಿಡ್ಕೊಂಡಿರೋದು. ನೀರು ಬಂದ ಹಾಗೆಲ್ಲ ಹಿಡಿತ ಸಡಿಲ. ಇವತ್ತು ನಿನ್ ಲೆಕ್ಕ ಸರಿ, ಎಂದಾದ್ರೊಂದಿನ ರಾಘು ಲೆಕ್ಕ ಸರಿ

ಮಂಜ: ಅಂದ್ರೆ ಇಬ್ರೂ ಪಾಸ್ 😄

ರಾಘು: ಸರಿ, ಆದ್ರೆ ಆ "ಎಂದಾದ್ರೊಂದಿನ" ಯಾವಾಗ? ಅದೇ ತಾನೆ ಪ್ರಶ್ನೆ

ಗಿರೀಶ: ವರ್ಷಗಟ್ಲೆ ಬೇಕು. ನೀರಿನ ಒತ್ತಡ ಸಮ ಆಗೋ ವೇಗ cv ವರ್ಷಕ್ಕೆ 1 ಚದರ ಮೀಟರ್, ನೀರು 2 ಮೀಟರ್ ದೂರ ಹೋಗಬೇಕು ಅಂದ್ರೆ ಒತ್ತಡ 90 ಪರ್ಸೆಂಟ್ ಸಮ ಆಗೋಕೆ 0.848 × 4 / 1, ಮೂರು ವರ್ಷಕ್ಕಿಂತ ಜಾಸ್ತಿ. ನಂಗೆ ಬೇಕಿರೋದು 15 ದಿನ

ಸುಮಾ: ಆ 2 ಮೀಟರ್ ಎಲ್ಲಿಂದ ತಂದೆ? ನಿನ್ ಫೋಟೋ ಝೂಮ್ ಮಾಡಿ ನೋಡ್ದೆ, ಗೋಡೆ ಮೇಲೆ ಅಡ್ಡಡ್ಡಕ್ಕೆ ತಿಳಿ ಬಣ್ಣದ ಗೆರೆ ಇದ್ಯಲ್ಲ, ಸುಮಾರು 40 ಸೆಂಟಿಮೀಟರಿಗೊಂದು, ಕೆಳಗಿಂದ ಎರಡನೇದು ಒದ್ದೆಯಾಗಿ ಹೊಳೀತಿದೆ. ಅದು ನೀರು ಸುಲಭವಾಗಿ ಹರಿಯೋ ಸಿಲ್ಟು ಅನ್ಸುತ್ತೆ. ಹಾಗಿದ್ರೆ ನೀರಿಗೆ ದಾರಿ 2 ಮೀಟರ್ ಅಲ್ಲ, 20 ಸೆಂಟಿಮೀಟರ್. ದೂರ ಹತ್ತನೇ ಒಂದಾದ್ರೆ ಟೈಮು ನೂರನೇ ಒಂದು. ನಿನ್ ಮೂರು ವರ್ಷ ಚಿಲ್ರೆ ಹನ್ನೆರಡು ದಿನಕ್ಕೆ ಇಳೀತು

ಗಿರೀಶ: …

ಮಂಜ: ನಾಲ್ಕು ದಿನ ಆಗ್ಲೇ ಆಯ್ತು ಅಂದ್ಯಲ್ಲ ಗಿರಿ

ಗಿರೀಶ: ಪದರ ಇದ್ರೆ ಟೆಸ್ಟಲ್ಲಿ ಗೊತ್ತಾಗ್ತಿತ್ತಲ್ವಾ?

ಸುಮಾ: 38 ಮಿಲಿಮೀಟರ್ ವ್ಯಾಸದ ಸ್ಯಾಂಪಲ್ ಕಣೋ. 40 ಸೆಂಟಿಮೀಟರಿಗೊಂದು ಇರೋ ಪದರ ಅದರಲ್ಲಿ ಸಿಕ್ಕೋದೇ ಅಪರೂಪ. ಜೇಡಿಯಲ್ಲಿ ಬಿರುಕು ಇದ್ರೂ ಅಷ್ಟೇ, ಬಿರುಕು ಇರೋ ತುಂಡು ಟ್ರಿಮ್ ಮಾಡೋವಾಗ್ಲೇ ಒಡೆದು ಹೋಗುತ್ತೆ, ಒಳ್ಳೇ ತುಂಡು ಮಾತ್ರ ಮಿಷಿನಿಗೆ ಹೋಗುತ್ತೆ, 30 ಅಂತ ಬರುತ್ತೆ. ಚಾಕು ತಗೊಂಡು ಗೋಡೆಯಿಂದ ಒಂದು ಹೆಂಟೆ ಕಿತ್ತು ಕೈಯಲ್ಲಿ ಒಡೆದು ನೋಡು, ಒಡೆದ ಮುಖ ನುಣ್ಣಗೆ ಹೊಳೆದ್ರೆ ಹಳೇ ಬಿರುಕು ಅಂತ ಅರ್ಥ. ಆದ್ರೆ ಗುಂಡಿಗೆ ಇಳೀಬೇಡ, ಜೆಸಿಬಿ ಬಕೆಟಲ್ಲಿ ಬಂದ ಹೆಂಟೆಯೇ ಸಾಕು

ರಾಘು: ಇನ್ನೊಂದು, ನಿನ್ 6.7 ಮೀಟರಲ್ಲಿ ಅಂಚಿನ ಹಿಂದಿನ ಟೆನ್ಷನ್ ಕ್ರ್ಯಾಕ್ ಲೆಕ್ಕಕ್ಕೇ ಬಂದಿಲ್ಲ. ಅರ್ಧ ಎತ್ತರದವರೆಗೆ ಬಿರುಕು ಬಿಟ್ರೆ 4 ಬದಲು 2.67 ಹಾಕ್ಬೇಕು, ಸುಮಾರು 4.4 ಮೀಟರ್ ಬರುತ್ತೆ. 1.67 ಇದ್ದದ್ದು 1.1. ಅದೂ ಬಿರುಕು ಒಣಗಿದ್ರೆ, ನೀರು ತುಂಬಿದ್ರೆ ದೇವರೇ ಗತಿ

ಮಂಜ: ಹಾಗಾದ್ರೆ ಅನ್‌ಡ್ರೇನ್ಡ್ ಲೆಕ್ಕ ಹಾಕೋದೇ ತಪ್ಪಾ?

ಸುಮಾ: ತಪ್ಪಲ್ಲ. ಪದರ, ಬಿರುಕು ಇಲ್ಲದ ಜೇಡಿ, ದಿನಗಳ ಕೆಲಸ, ಆಗ ಅದೇ ಲೆಕ್ಕ. ಆದ್ರೆ "ಟೆಂಪರರಿ" ಅಂತ ಕಾಗದದಲ್ಲಿ ಬರೆದಿದ್ರೆ ಅದು ನಮ್ ಕ್ಯಾಲೆಂಡರು, ನೀರಿಗೆ ಅದೇನ್ ಗೊತ್ತು. ಎಷ್ಟು ದಿನ ತೆರೆದಿರುತ್ತೆ, ನೀರು ಎಷ್ಟು ದೂರ ಹೋಗಬೇಕು, ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಿ ಆಮೇಲೆ ಲೆಕ್ಕ ಆರಿಸ್ಕೋ. ಹತ್ರ ಹತ್ರ ಬಂದ್ರೆ ಎರಡೂ ಮಾಡು, ಕಮ್ಮಿ ಬಂದದ್ದನ್ನ ನಂಬು

ಗಿರೀಶ: ಸೈಟಲ್ಲೇ ಇದೀನಿ ಇರಿ, ನೋಡ್ಕೊಂಡ್ ಬರ್ತೀನಿ

ಗಿರೀಶ: [ಫೋಟೋ] ಅಂಚಿಂದ ಒಂದೂವರೆ ಮೀಟರ್ ಹಿಂದೆ ಕೂದಲೆಳೆ ಬಿರುಕು ಇದೆ, ಉದ್ದಕ್ಕೂ ಹೋಗಿದೆ. ನಿನ್ನೆ ಇರ್ಲಿಲ್ಲ, ಆಣೆಗೂ

ಸುಮಾ: ಕೆಳಗೆ ಯಾರಾದ್ರೂ ಇದಾರಾ?

ಗಿರೀಶ: ಬಾರ್ ಬೆಂಡರ್ ಇಬ್ರು ಇದ್ರು, ಹತ್ತಿಸ್ದೆ. ಮೇಲಿಂದ ಜೆಸಿಬಿಲಿ ಒಂದಕ್ಕೊಂದು ಇಳಿಜಾರು ಮಾಡಿಸ್ತೀನಿ ಈಗ್ಲೇ. ಜೆಸಿಬಿನ ಬಿರುಕಿಂದ ಎಷ್ಟು ಹಿಂದೆ ನಿಲ್ಲಿಸ್ಲಿ?

ರಾಘು: ಗೋಡೆ ಎತ್ತರದಷ್ಟಾದ್ರೂ ಹಿಂದೆ. ಅಲ್ಲಿಂದ ಎಟುಕದಿದ್ರೆ ಬೂಮ್ ಉದ್ದದ ಮಿಷಿನ್ ತರಿಸು, ಇದನ್ನ ಹತ್ರ ತರಬೇಡ. ಅಂಚಿನ ಹತ್ರ ಸುರಿದ ಮಣ್ಣಿನ ಗುಡ್ಡೆ ಕಾಣ್ತಾ ಇದೆ ಫೋಟೋದಲ್ಲಿ, ಮೊದ್ಲು ಅದನ್ನ ತೆಗೆಸು ಮಾರಾಯ